ಜೋಗದ ಹೆಸರು ತೆಗೆದು ಓದಿದರೆ

ಕಳೆದ ಜುಲೈನಲ್ಲಿ ಜೋಗಕ್ಕೆ ಹೋಗಿ ಬಂದು ಒಂದು ಪ್ರವಾಸ ಲೇಖನ ಬರೆದೆ. ಕನ್ನಡದ ಪ್ರವಾಸ ಸಾಹಿತ್ಯದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ನಾನು. ಬೇರೆಯವರ ಪ್ರವಾಸ ಕಥನಗಳ ಅಂಚಿನಲ್ಲಿ ನಾಲ್ಕು ವರ್ಷದಿಂದ ಟಿಪ್ಪಣಿ ಹಾಕುತ್ತ ಬಂದಿದ್ದರಿಂದ, ಈ ಲೇಖನ ಸಲೀಸಾಗಿ ಬಂದೀತು ಅಂದುಕೊಂಡಿದ್ದೆ. ಕರಡನ್ನು ಓದಿದ ಹಾಸ್ಟೆಲಿನ ಗೆಳತಿ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. "ಜೋಗ ಅಂತ ಇರೋ ಕಡೆಯೆಲ್ಲ ಉಂಚಳ್ಳಿ ಅಂತ ಓದಿ ನೋಡಿದೆ ಕಣೇ, ಏನೂ ವ್ಯತ್ಯಾಸ ಆಗ್ಲಿಲ್ಲ" ಎಂದಳು.

ಅವಳು ಪೆನ್ಸಿಲಿನಿಂದ ಗುರುತು ಹಾಕಿದ್ದ ಭಾಗ ಇದು: "ದಟ್ಟ ಹಸಿರಿನ ಸುಂದರ ಕಾಡಿನ ನಡುವೆ ಹಾಲಿನ ನೊರೆಯಂತೆ ಧುಮ್ಮಿಕ್ಕುವ ಜೋಗದ ದೃಶ್ಯ ಎಷ್ಟು ಸುಂದರವೆಂದರೆ, ಅದನ್ನು ಪದಗಳಲ್ಲಿ ಹಿಡಿದಿಡಲು ಸಾಧ್ಯವಿಲ್ಲ. ಮಂಜಿನ ತೆರೆ ಸರಿದಾಗ ಕಂಡ ಆ ಸುಂದರ ನೋಟ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು."

ಉಂಚಳ್ಳಿ ಅಘನಾಶಿನಿಯ ಜಲಪಾತ, ಜೋಗ ಶರಾವತಿಯದು. ಉಂಚಳ್ಳಿಯಲ್ಲಿ ಬೀಳುವ ನದಿಗೆ ಅಣೆಕಟ್ಟಿಲ್ಲ, ಜೋಗಕ್ಕೆ ತುಸು ಮೇಲೆಯೇ ಲಿಂಗನಮಕ್ಕಿಯಿದೆ. ಎರಡರ ಎತ್ತರ ಬೇರೆ, ನೀರು ಬೀಳುವ ರೀತಿ ಬೇರೆ, ಕಥೆಯಂತೂ ಬೇರೆಯೇ. ಆದರೂ ನನ್ನ ಮೂರು 'ಸುಂದರ'ಗಳು ಎರಡಕ್ಕೂ ಸಲ್ಲುತ್ತಿದ್ದವು. ಗೆಳತಿ ಮಾಡಿದ ಈ ಸಣ್ಣ ಪರೀಕ್ಷೆಯನ್ನೇ ಆಮೇಲೆ ನನ್ನ ಸಂಶೋಧನೆಯ ಪುಸ್ತಕಗಳ ಮೇಲೂ ಮಾಡತೊಡಗಿದೆ. ಊರಿನ ಹೆಸರು ತೆಗೆದು ಇನ್ನೊಂದು ಊರಿನ ಹೆಸರು ಹಾಕಿದಾಗಲೂ ವಾಕ್ಯ ಸುಳ್ಳಾಗದಿದ್ದರೆ, ಅಲ್ಲಿ ವರ್ಣನೆ ನಡೆದೇ ಇಲ್ಲ ಎಂದರ್ಥ. ಅಲ್ಲಿರುವುದು ಬರೆದವರ ಮೆಚ್ಚುಗೆ ಮಾತ್ರ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಸುಂದರವನ್ನು ಹೊಡೆದು ರಮಣೀಯ ಎಂದು ಬರೆದೆ, ಅದನ್ನೂ ಹೊಡೆದು ರುದ್ರರಮಣೀಯ ಎಂದೆ. ಪದ ಉದ್ದವಾಯಿತೇ ಹೊರತು ಜಲಪಾತ ಹತ್ತಿರ ಬರಲಿಲ್ಲ. ಆಮೇಲೆ ಅಂಕಿಗಳ ಮೊರೆ ಹೋದೆ: 253 ಮೀಟರ್ ಎತ್ತರ. ಇದು ಜೋಗಕ್ಕೇ ಸೇರಿದ ಸಂಗತಿ, ಹೆಸರು ಬದಲಿಸಿದರೆ ವಾಕ್ಯ ಸುಳ್ಳಾಗುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಪಾಸು. ಆದರೆ 253 ಮೀಟರನ್ನು ಕಣ್ಣಾರೆ ಕಂಡವರು ಯಾರು? ಅದು ಫಲಕದ ಮೇಲಿರುವ ಸಂಖ್ಯೆ. ನಿಖರತೆ ಎಂದರೆ ಅಂಕಿಯಲ್ಲ ಎಂಬುದು ಆಗ ತಿಳಿಯಿತು.

ದಾರಿ ಸಿಕ್ಕಿದ್ದು ಎಂ.ಎ.ಯಲ್ಲಿ ಪರೀಕ್ಷೆಗಾಗಿ ಓದಿ ಮರೆತಿದ್ದ ಒಂದು ಪಾಠದಲ್ಲಿ. ನಮ್ಮ ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿ ಅಲಂಕಾರಗಳನ್ನು ಹೇಳುವಾಗ ಮೊದಲಿಗೆ ಎತ್ತಿಕೊಳ್ಳುವುದು ಉಪಮೆಯನ್ನಲ್ಲ, ಸ್ವಭಾವೋಕ್ತಿಯನ್ನು. ವಸ್ತು ಹೇಗಿದೆಯೋ ಹಾಗೆ, ಅದರ ಸ್ವಭಾವ ಎದುರಿಗೆ ನಿಲ್ಲುವಂತೆ ಹೇಳುವುದು ಸ್ವಭಾವೋಕ್ತಿ. ಅದಕ್ಕೆ ನಾಲ್ಕು ಬಗೆ: ಜಾತಿ, ಕ್ರಿಯೆ, ಗುಣ, ದ್ರವ್ಯ. ಯಾವ ಬಗೆಯ ವಸ್ತು, ಅದು ಏನು ಮಾಡುತ್ತದೆ, ಇಂದ್ರಿಯಕ್ಕೆ ಹೇಗೆ ತಾಗುತ್ತದೆ, ಮತ್ತು ಇಂಥದೇ ಒಂದು ಎಂದು ಬೊಟ್ಟು ಮಾಡಿ ತೋರಿಸುವಂಥದ್ದೇನು. ಕವಿಗಳಿಗೆಂದು ಹೇಳಿದ ಈ ನಾಲ್ಕನ್ನು ಪ್ರಶ್ನೆಗಳಾಗಿ ಮಾಡಿಕೊಂಡು, ಜೋಗದಲ್ಲಿ ಬರೆದುಕೊಂಡಿದ್ದ ನೋಟ್‌ಬುಕ್ಕಿನ ಮುಂದೆ ಕೂತೆ.

ಜಾತಿಯ ಪ್ರಶ್ನೆಗೆ ಉತ್ತರ ಸ್ಥಳೀಯರ ಬಾಯಲ್ಲೇ ಇತ್ತು. ಸಾಗರದ ಕಡೆಯವರು ಇದನ್ನು 'ಜೋಗದ ಗುಂಡಿ' ಎನ್ನುತ್ತಾರೆ. ಪ್ರವಾಸಿ ನೋಡುವುದು ಬೀಳುವ ನೀರನ್ನು, ಆದರೆ ಹೆಸರಿಟ್ಟವರು ನೋಡಿದ್ದು ನೀರು ಬೀಳುವ ಗುಂಡಿಯನ್ನು. ನನ್ನ ಕರಡಿನಲ್ಲಿ ಆಳ ಎಂಬುದೇ ಇರಲಿಲ್ಲ. ನಾನು ತಲೆ ಎತ್ತಿ ನೋಡಿದವಳಂತೆ ಬರೆದಿದ್ದೆ. ನಿಜಕ್ಕೂ ಶಿವಮೊಗ್ಗದ ಕಡೆಯ ಕಟಕಟೆಯ ಬಳಿ ನಿಂತವರು ಜಲಪಾತದ ನೆತ್ತಿಯನ್ನು ಎದುರಿಗೆ ನೋಡಿ, ಆಮೇಲೆ ಕಣ್ಣನ್ನು ಕೆಳಗೆ ಇಳಿಸುತ್ತ ಹೋಗುತ್ತಾರೆ. ನಿಂತ ಜಾಗ ಯಾವುದು, ಕಣ್ಣು ಯಾವ ದಿಕ್ಕಿಗೆ ಚಲಿಸುತ್ತದೆ ಎಂದು ಬರೆದ ಕೂಡಲೇ ಒಂದು 'ಸುಂದರ' ತಾನಾಗಿ ಬಿದ್ದುಹೋಯಿತು.

ಕ್ರಿಯೆಯ ಪ್ರಶ್ನೆಯಲ್ಲಿ ನನ್ನ 'ಧುಮ್ಮಿಕ್ಕುವ' ಸಿಕ್ಕಿಬಿದ್ದಿತು. ಜೋಗದಲ್ಲಿ ನೀರು ನಾಲ್ಕು ಕಡೆ ಇಳಿಯುತ್ತದೆ, ಮತ್ತು ನಾಲ್ಕೂ ಕಡೆ ಬೇರೆ ಬೇರೆ ಕೆಲಸ ಮಾಡುತ್ತದೆ. ಎಡತುದಿಯ ರಾಜಾ ಬಂಡೆಯನ್ನು ಬಿಟ್ಟು ನೇರ ಬೀಳುತ್ತದೆ. ಅದರ ಪಕ್ಕದ ರೋರರ್ ಬಂಡೆಯ ಓರೆ ಸೀಳಿನಲ್ಲಿ ಹೊರಳುತ್ತ ಇಳಿಯುತ್ತದೆ. ರಾಕೆಟ್ ಸ್ವಲ್ಪ ಬಿದ್ದು, ಮುಂಚಾಚಿದ ಕಲ್ಲಿಗೆ ಬಡಿದು, ಹೊರಕ್ಕೆ ಚಿಮ್ಮುತ್ತದೆ. ಬಲತುದಿಯ ರಾಣಿ ಬೀಳುವುದೇ ಇಲ್ಲ, ಬಂಡೆಯ ಮೈಗೆ ಅಂಟಿಕೊಂಡು ಜಾರುತ್ತದೆ. ಒಂದೇ ಕ್ರಿಯಾಪದದಿಂದ ನಾಲ್ಕನ್ನೂ ಮುಗಿಸಿದ್ದೆನಲ್ಲ! ಹಾಲಿನ ನೊರೆಯ ಉಪಮೆಯೂ ರಾಣಿಗೆ ಮಾತ್ರ ಅಷ್ಟಿಷ್ಟು ಹೊಂದುತ್ತದೆ, ರಾಜಾಗೆ ಖಂಡಿತ ಅಲ್ಲ. ನೊರೆ ಮೇಲಕ್ಕೆ ಉಕ್ಕುವ ವಸ್ತು. ರಾಜಾದಲ್ಲಿ ನೀರು ಮುದ್ದೆಮುದ್ದೆಯಾಗಿ ಕಳಚಿಕೊಂಡು, ಇಳಿಯುತ್ತ ಇಳಿಯುತ್ತ ಬಾಲ ಬಿಟ್ಟುಕೊಂಡು, ಕೊನೆಗೆ ಹುಡಿಯಾಗುತ್ತದೆ. ಅಂಥ ಒಂದು ಮುದ್ದೆಯನ್ನು ಕಣ್ಣಲ್ಲಿ ಹಿಡಿದು ಎಣಿಸಿದ್ದೆ ಎಂದು ನೋಟ್‌ಬುಕ್ಕಿನಲ್ಲಿತ್ತು. ಅಷ್ಟು ಎತ್ತರದಿಂದ ಕಲ್ಲೊಂದು ಗಾಳಿಯ ತಡೆಯಿಲ್ಲದೆ ಬಿದ್ದರೂ ಏಳು ಸೆಕೆಂಡು ದಾಟುತ್ತದೆ. ನೀರು ಒಡೆದು ಹುಡಿಯಾಗುವುದರಿಂದ ಇನ್ನೂ ತಡ. ನಾನು ಹತ್ತರವರೆಗೆ ಎಣಿಸಿದ್ದೆ. 253 ಮೀಟರ್ ಎಂಬ ಅಂಕಿ ಮಾಡಲಾರದ್ದನ್ನು ಈ ಎಣಿಕೆ ಮಾಡಿತು. ಓದುಗರು ಮನಸ್ಸಿನಲ್ಲೇ ಹತ್ತು ಎಣಿಸಿದರೆ ಎತ್ತರ ಅವರದಾಗುತ್ತದೆ.

ಗುಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಮಂಜಿನ ತೆರೆ ಸರಿದಾಗ' ಎಂದು ಬರೆದಿದ್ದೆ, ನಾಟಕದ ಪರದೆ ಎಳೆದ ಹಾಗೆ. ಆದದ್ದು ಹಾಗಲ್ಲ. ಇಪ್ಪತ್ತು ನಿಮಿಷ ಏನೂ ಕಾಣದೆ ಬರೀ ಸದ್ದು ಕೇಳುತ್ತ ನಿಂತಿದ್ದೆವು. ಕನ್ನಡಕದ ಮೇಲೆ ನೀರು ಕೂರುತ್ತಿತ್ತು, ಅದು ಮಳೆಯೋ ಜಲಪಾತದ ಹನಿಯೋ ತಿಳಿಯುತ್ತಿರಲಿಲ್ಲ. ಕಾಣದಿದ್ದ ಈ ಹೊತ್ತನ್ನು ನಾನು ಒಂದು ಪದಗುಚ್ಛದಲ್ಲಿ ನುಂಗಿಬಿಟ್ಟಿದ್ದೆ, ಏಕೆಂದರೆ ಅದು 'ಸುಂದರ'ದ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಕೊನೆಯದು ದ್ರವ್ಯ, ಇದೊಂದೇ ಜೋಗ ಎಂದು ತೋರಿಸುವಂಥದ್ದು. ನನ್ನ ಕರಡು ನಿಜವಾಗಿ ತಪ್ಪಿದ್ದು ಇಲ್ಲಿ. ಅವತ್ತು ಚಹಾದಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ "ಇವತ್ತು ನೀರು ಚೆನ್ನಾಗಿದೆ ಅಲ್ವಾ" ಎಂದಿದ್ದೆ. ಅವರು ನೋಡದೆಯೇ, "ಅದು ಗೇಟಿನ ನೀರಲ್ಲ ತಂಗಿ, ಹಳ್ಳದ ನೀರು. ಬಣ್ಣ ಕೆಂಪಿದೆಯಲ್ಲ. ಗೇಟು ಬಿಟ್ಟರೆ ಬರೋದು ನಮ್ಮೂರಿನ ಮೇಲೆ ನಿಂತ ನೀರು" ಎಂದಿದ್ದರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಲೇಖನದಲ್ಲಿ ಬಿಟ್ಟಿದ್ದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದವು. ಎದ್ದು ಹೋದ ಕುಟುಂಬಗಳಲ್ಲಿ ಹಲವು ಕೊಟ್ಟ ಜಾಗದ ಹಕ್ಕಿಗಾಗಿ ಇನ್ನೂ ಓಡಾಡುತ್ತಿವೆ. ಅಲ್ಲಿ ನಿಂತ ಶರಾವತಿಯ ನೀರಿನಲ್ಲಿ ಬಹುಪಾಲು ತಳಕಳಲೆಯ ಮೂಲಕ ವಿದ್ಯುದಾಗಾರಕ್ಕೆ ಹೋಗುತ್ತದೆ, ಜಲಪಾತಕ್ಕಲ್ಲ. ಅಣೆಕಟ್ಟಿನ ಕೆಳಗೆ ಸೇರುವ ಹಳ್ಳಗಳ ಮಳೆನೀರು, ಮತ್ತು ಜಲಾಶಯ ತುಂಬಿದಾಗ ಗೇಟಿನಿಂದ ಬಿಟ್ಟ ನೀರು, ನಾವು ನೋಡುವ ಜೋಗ ಬಹುಮಟ್ಟಿಗೆ ಇವೆರಡರದು. ಬೇಸಿಗೆಯಲ್ಲಿ ಹೋದವರಿಗೆ ಕಪ್ಪು ಬಂಡೆ ಕಾಣುತ್ತದೆ, ಅವರು 'ನಿರಾಸೆಯಾಯಿತು' ಎಂದು ಬರೆಯುತ್ತಾರೆ. ಮಳೆಗಾಲದಲ್ಲಿ ಹೋದವರು 'ಸುಂದರ' ಎಂದು ಬರೆಯುತ್ತಾರೆ. ಎರಡು ಪದಗಳೂ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಕೇಳದಂತೆ ಮಾಡುತ್ತವೆ. ಚಹಾದಂಗಡಿಯ ಹಿರಿಯರು ಬಣ್ಣ ನೋಡಿ ನೀರಿನ ಮೂಲ ಹೇಳಿದರು. ನಾನು ಅದೇ ಬಣ್ಣಕ್ಕೆ ಹಾಲು ಎಂದಿದ್ದೆ. ಕೆಂಪು ನೀರು ಕಣ್ಣೆದುರಿಗಿತ್ತು, ಆದರೆ ಸುಂದರ ಜಲಪಾತ ಬಿಳಿಯಾಗಿರಬೇಕಿತ್ತು.

ತಿದ್ದಿದ ಮೇಲೆ ಆ ಭಾಗ ಹೀಗಾಯಿತು: "ಇಪ್ಪತ್ತು ನಿಮಿಷ ಗುಂಡಿಯ ತುಂಬ ಮಂಜು, ಸದ್ದು ಮಾತ್ರ. ಮಂಜು ಹರಿದಾಗ ಮೊದಲು ಕಂಡದ್ದು ಬಲತುದಿಯಲ್ಲಿ ಬಂಡೆಗೆ ಅಂಟಿ ಜಾರುತ್ತಿದ್ದ ರಾಣಿ, ಆಮೇಲೆ ಒಂದೊಂದಾಗಿ ಉಳಿದವು. ಎಡತುದಿಯ ರಾಜಾದಿಂದ ಕಳಚಿದ ನೀರಿನ ಮುದ್ದೆಯೊಂದನ್ನು ಹಿಡಿದು ಹತ್ತು ಎಣಿಸಿದೆ, ಅಷ್ಟರಲ್ಲಿ ಅದು ಹುಡಿಯಾಗಿತ್ತು. ನೀರು ಕೆಂಪಗಿತ್ತು. ಹಳ್ಳದ ನೀರು, ಗೇಟು ಇನ್ನೂ ಬಿಟ್ಟಿಲ್ಲ ಎಂದರು ಅಂಗಡಿಯಲ್ಲಿದ್ದವರು. ಬಿಟ್ಟರೆ ಬರುವುದು ಅವರ ಊರಿನ ಮೇಲೆ ನಿಂತ ನೀರು."

ಇದರಲ್ಲಿ ರೋರರ್, ರಾಕೆಟ್‌ಗಳ ವಿವರವಿಲ್ಲ. ಮೊದಲ ತಿದ್ದುಪಡಿಯಲ್ಲಿ ನಾಲ್ಕನ್ನೂ ತುಂಬಿದ್ದೆ, ಅದು ಪಂಚನಾಮೆಯಂತೆ ಕಾಣುತ್ತಿತ್ತು. 'ಸುಂದರ'ವನ್ನು ಬಿಟ್ಟವರು ಬೀಳುವ ಇನ್ನೊಂದು ಗುಂಡಿ ಇದು: ಕಂಡದ್ದೆಲ್ಲವನ್ನೂ ಬರೆಯುವುದು. ವಿವರವೊಂದನ್ನು ತೆಗೆದಾಗ ಮುಂದಿನ ವಾಕ್ಯಕ್ಕೆ ಏನೂ ಆಗದಿದ್ದರೆ ಆ ವಿವರ ಅಲ್ಲಿ ಬೇಡ. ಕೆಂಪು ಬಣ್ಣವನ್ನು ತೆಗೆದರೆ ಅಂಗಡಿಯವರ ಮಾತಿಗೆ ನೆಲೆಯಿಲ್ಲ, ಅದಕ್ಕೇ ಅದು ಉಳಿಯಿತು.

'ಸುಂದರ' ಪದದ ಮೇಲೆ ನನಗೇನೂ ಹಗೆಯಿಲ್ಲ. ಅವತ್ತು ರಾತ್ರಿ ಅಮ್ಮ ಫೋನಿನಲ್ಲಿ "ಹೇಗಿತ್ತೇ ಜೋಗ?" ಎಂದಾಗ "ಚಂದ ಇತ್ತಮ್ಮ" ಎಂದೇ ಹೇಳಿದ್ದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ನೀರೆಷ್ಟಿತ್ತು, ಮಂಜಿತ್ತಾ, ಕೆಳಗೆ ಇಳಿದೆಯಾ ಎಂದು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಮಾತಿನಲ್ಲಿ 'ಚಂದ' ಎಂಬುದು ಮುಂದಿನ ಪ್ರಶ್ನೆಗೆ ಬಾಗಿಲು. ಬರಹದಲ್ಲಿ ಆ ಪ್ರಶ್ನೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಅಮ್ಮ ಕೇಳಿದ ಪ್ರಶ್ನೆಗಳನ್ನು ಬರೆಯುವವರೇ ಕೇಳಿಕೊಳ್ಳಬೇಕು.

ತಿದ್ದಿದ್ದನ್ನು ಗೆಳತಿಗೆ ಕೊಟ್ಟೆ. ಅವಳು ಮತ್ತೆ 'ಉಂಚಳ್ಳಿ' ಹಾಕಿ ಓದಲು ಹೊರಟು, ಎರಡನೇ ವಾಕ್ಯಕ್ಕೇ ನಿಲ್ಲಿಸಿದಳು.