ನೋಡುವವರಿಗೂ ಒಂದು ಪಾತ್ರ

ರೀಲ್ಸ್ ನೋಡುವ ಅಭ್ಯಾಸವಿರುವವರಿಗೆ ಪರದೆಯ ಮೇಲ್ಭಾಗದಲ್ಲಿ ‘POV:’ ಎಂದು ಶುರುವಾಗುವ ಸಾಲು ಹೊಸದಲ್ಲ. ಉದಾಹರಣೆಗೆ, ‘POV: ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದಿದ್ದೀರಿ’. ಬಾಗಿಲು ತೆರೆಯುತ್ತದೆ, ಎದುರಿಗೆ ಅಮ್ಮ. ಅವಳ ದೃಷ್ಟಿ ನೇರವಾಗಿ ಲೆನ್ಸಿನ ಮೇಲಿದೆ. ‘ಊಟ ಆಯ್ತಾ?’ ಎನ್ನುತ್ತಾಳೆ. ಎರಡು ಸೆಕೆಂಡು ಮಾತಿಲ್ಲ. ಆ ಎರಡು ಸೆಕೆಂಡಿನಲ್ಲಿ ನಾವು ಏನೋ ಉತ್ತರ ಕೊಟ್ಟೆವು ಎಂಬುದು ಅವಳ ಮುಖದಿಂದ ತಿಳಿಯುತ್ತದೆ. ಹುಬ್ಬು ಸ್ವಲ್ಪ ಗಂಟಿಕ್ಕುತ್ತದೆ, ‘ಹೂಂ, ಆಯ್ತಂತೆ’ ಎಂದು ಗೊಣಗಿಕೊಂಡು ಅಡುಗೆಮನೆಯತ್ತ ತಿರುಗುತ್ತಾಳೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ಈ ಪ್ರಕಾರದ ಜೀವವಿರುವುದು ಆ ಎರಡು ಸೆಕೆಂಡಿನಲ್ಲಿ. ನಟಿಸುವವರು ನಮಗಾಗಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ, ಅದನ್ನು ತುಂಬಿದವರು ನಾವು. ಮೊಬೈಲಿನ ಈ ಪುಟ್ಟ ಕಲೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿರುವುದು ಇದೇ. ಈಗ ‘POV’ ಎಂಬ ತಲೆಪಟ್ಟಿ ಹೊತ್ತು ಬರುವ ಬಹುಪಾಲು ವಿಡಿಯೊಗಳಲ್ಲಿ ಕಾಣೆಯಾಗಿರುವುದೂ ಇದೇ.

ಪಿಒವಿ ಎಂಬುದು ಸಿನಿಮಾದವರ ಮಾತು. ಪಾತ್ರವೊಂದು ಏನು ನೋಡುತ್ತಿದೆಯೋ ಅದನ್ನೇ ಕ್ಯಾಮೆರಾ ತೋರಿಸಬೇಕಾದ ಶಾಟ್‌ಗೆ ಚಿತ್ರಕಥೆಯಲ್ಲಿ ಹಾಗೆ ಬರೆಯುತ್ತಾರೆ. ಸಿನಿಮಾದಲ್ಲಿ ಅದು ಕೆಲವೇ ಕ್ಷಣ ಬಂದು ಹೋಗುವ ಶಾಟ್. ಇಡೀ ಸಿನಿಮಾವನ್ನೇ ಹಾಗೆ ತೆಗೆಯುವ ಸಾಹಸವನ್ನು 1947ರಲ್ಲಿ ರಾಬರ್ಟ್ ಮಾಂಟ್‌ಗೊಮರಿ ‘ಲೇಡಿ ಇನ್ ದ ಲೇಕ್’ನಲ್ಲಿ ಮಾಡಿದರು. ಪತ್ತೇದಾರ ಫಿಲಿಪ್ ಮಾರ್ಲೊನ ಕಣ್ಣೇ ಕ್ಯಾಮೆರಾ. ಅವನ ಮುಖ ಕಾಣುವುದು ಕನ್ನಡಿಯಲ್ಲಿ, ಇಲ್ಲವೇ ಅವನು ನಡುವೆ ಬಂದು ಕಥೆಯ ಎಳೆ ಹೇಳುವಾಗ ಮಾತ್ರ. ಎದುರಿನವರು ಲೆನ್ಸಿಗೇ ಮಾತಾಡುತ್ತಾರೆ, ನಾಯಕಿ ಲೆನ್ಸಿಗೇ ಮುತ್ತಿಡಲು ಬರುತ್ತಾಳೆ. ನೋಡುವವರೇ ಪತ್ತೇದಾರರು ಎಂಬಂತೆ ಅದರ ಪ್ರಚಾರವೂ ನಡೆದಿತ್ತು. ಆದರೂ ಈಗ ಕುಳಿತು ನೋಡಿದರೆ ಸ್ವಲ್ಪ ಹೊತ್ತಿನಲ್ಲೇ ದಣಿವಾಗುತ್ತದೆ. ಉತ್ತರ ಕೊಡುವವನು ಮಾರ್ಲೊ, ನಾವಲ್ಲ. ಅವನ ದನಿ ನಮ್ಮ ಕಿವಿಯ ಪಕ್ಕದಿಂದ ಬರುವಾಗಲೆಲ್ಲ ನಾವು ಬೇರೊಬ್ಬರ ತಲೆಯೊಳಗೆ ಕುಳಿತಿದ್ದೇವೆಂಬುದು ನೆನಪಾಗುತ್ತದೆ.

ಟಿಕ್‌ಟಾಕ್‌ನ ಹುಡುಗ ಹುಡುಗಿಯರು ಈ ತೊಡಕನ್ನು ಬಿಡಿಸಿಕೊಂಡ ಬಗೆ ನಿಜಕ್ಕೂ ಜಾಣತನದ್ದು. ಮೊದಲನೆಯದಾಗಿ, ಕಣ್ಣಾದವನ ಬಾಯನ್ನು ಅವರು ಮುಚ್ಚಿಬಿಟ್ಟರು. ಕ್ಯಾಮೆರಾದ ಹಿಂದಿನಿಂದ ಮಾತು ಬರುವುದಿಲ್ಲ, ಉತ್ತರದ ಜಾಗದಲ್ಲಿ ಮೌನವಿರುತ್ತದೆ. ಎರಡನೆಯದಾಗಿ, ಸಿನಿಮಾ ಹತ್ತು ನಿಮಿಷ ತೆಗೆದುಕೊಂಡು ಕಟ್ಟಬೇಕಾದ ಹಿನ್ನೆಲೆಯನ್ನು ಒಂದು ಸಾಲಿಗೆ ಒಪ್ಪಿಸಿದರು. ನೀವು ಯಾರು, ಎಲ್ಲಿದ್ದೀರಿ, ಈಗಷ್ಟೇ ಏನಾಯಿತು ಎಂಬ ಮೂರೂ ಅದರಲ್ಲಿ ಬಂದುಬಿಡುತ್ತವೆ. ಮೇಲಿನ ಸಾಲನ್ನೇ ಮತ್ತೆ ನೋಡಿ. ‘ಬಂದಿದ್ದೀರಿ’ ಎಂದಾಗ ತಡವಾಗಿ ಬಂದ ತಪ್ಪು ಆಗಲೇ ನಮ್ಮ ತಲೆಯ ಮೇಲೆ ಕೂತಿದೆ. ಅದನ್ನು ಹೊತ್ತುಕೊಂಡೇ ಅಮ್ಮನ ಮುಖ ನೋಡುತ್ತೇವೆ. ಆ ಸಾಲನ್ನು ತೆಗೆದುಬಿಟ್ಟರೆ ಉಳಿಯುವುದು ಯಾರಿಗೋ ಊಟದ ಬಗ್ಗೆ ಕೇಳುವ ಹೆಂಗಸಿನ ಚಿತ್ರ ಅಷ್ಟೇ.

ಇದೇ ವಸ್ತುವನ್ನು ಬೇರೆ ರೂಪಗಳಲ್ಲಿ ಹೇಳಿದಾಗ ಏನು ಬದಲಾಗುತ್ತದೆಂದು ನೋಡಬೇಕು. ನಮ್ಮ ಟ್ರೋಲ್ ಪೇಜುಗಳ ಹಳೆಯ ಪದ್ಧತಿ ‘ಆದಾಗ’ದ್ದು: ‘ರಾತ್ರಿ ಲೇಟಾಗಿ ಮನೆಗೆ ಹೋದಾಗ ಅಮ್ಮ’ ಎಂದು ಬರೆದು, ಕೆಳಗೆ ಯಾವುದೋ ಸಿನಿಮಾದಲ್ಲಿ ಕಣ್ಣು ಕೆಂಪಾಗಿಸಿಕೊಂಡ ಖಳನಾಯಕನ ಚಿತ್ರ. ಅದು ಎಲ್ಲ ಅಮ್ಮಂದಿರ ಬಗ್ಗೆ ಹೇಳುವ ಮಾತು. ನಾವು ಹೊರಗೆ ನಿಂತು ‘ನಮ್ಮನೇಲೂ ಇದೇ ಕಥೆ’ ಎಂದು ತಲೆದೂಗುತ್ತೇವೆ. ಇನ್ನೊಂದು ರೂಪದಲ್ಲಿ ಮೊದಲ ಸಾಲು ‘ಯಾರೂ ಏನೂ ಕೇಳಿಲ್ಲ:’ ಎಂದಿದ್ದು, ಎರಡನೆಯ ಸಾಲಿನಲ್ಲಿ ‘ಅಮ್ಮ:’ ಎಂದು ಬಂದು ಅವಳ ಉದ್ದನೆಯ ಬೈಗುಳ ಇರುತ್ತದೆ. ಅಲ್ಲಿ ನಗು ಹುಟ್ಟುವುದು ಕಾರಣವಿಲ್ಲದೆ ಹೊರಟ ಮಾತಿನಿಂದ, ಹಾಗಾಗಿ ಅಮ್ಮನಿಗೆ ಎದುರಾಗಿ ಯಾರೂ ಇಲ್ಲದಿರುವುದೇ ಅದರ ಸೂತ್ರ. ಮೂರನೆಯದು ‘ನಾನು, ಅಮ್ಮನಿಂದ ಬೈಸಿಕೊಳ್ಳುವಾಗ’ ಎಂಬ ಬಗೆಯದು. ವಿಡಿಯೊ ಮಾಡಿದವನು ತನ್ನನ್ನೇ ತೋರಿಸಿಕೊಳ್ಳುತ್ತಾನೆ, ನಾವು ಅವನನ್ನು ನೋಡುತ್ತೇವೆ.

ಈ ಮೂರೂ ನಮ್ಮಿಂದ ಬಯಸುವುದು ಗುರುತಿಸುವಿಕೆಯನ್ನು. ಪಿಒವಿ ಬಯಸುವುದು ಹಾಜರಿಯನ್ನು. ತಡವಾಗಿ ಮನೆಗೆ ಹೋಗಿಯೇ ಇಲ್ಲದವರಿಗೆ ‘ಆದಾಗ’ದ ಮೀಮ್ ತಟ್ಟುವುದೇ ಇಲ್ಲ. ಅಂಥವರು ಕೂಡ ಒಳ್ಳೆಯ ಪಿಒವಿಯಲ್ಲಿ ಹದಿನೈದು ಸೆಕೆಂಡು ತಪ್ಪಿತಸ್ಥರಾಗಬಹುದು. ಅನುಭವ ಇಲ್ಲದವರನ್ನೂ ಒಳಗೆ ಕರೆದುಕೊಳ್ಳುವ ಈ ಶಕ್ತಿ ಉಳಿದ ರೂಪಗಳಿಗಿಲ್ಲ.

ಒಳಗೆ ಕರೆದುಕೊಂಡ ಮೇಲೆ ಹೊರಗೆ ಬೀಳದಂತೆ ನೋಡಿಕೊಳ್ಳುವುದು ಕಷ್ಟ. ಫೋನನ್ನು ಟ್ರೈಪಾಡಿನ ಮೇಲೆ ಸೊಂಟದೆತ್ತರಕ್ಕೆ ಇಟ್ಟರೆ ಬಾಗಿಲಲ್ಲಿ ನಿಂತಿರುವ ಮಗನಿಗೆ ಎಂಟು ವರ್ಷದ ಹುಡುಗನ ಎತ್ತರ ಬಂದುಬಿಡುತ್ತದೆ. ಅಮ್ಮನ ಕಣ್ಣು ಲೆನ್ಸಿನಿಂದ ಜಾರಿ ಪರದೆಯ ಮೇಲಿನ ತನ್ನದೇ ಬಿಂಬಕ್ಕೆ ಹೋದರೆ ಅವಳು ನಮ್ಮ ಭುಜದಾಚೆ ನೋಡುತ್ತಿರುವಂತೆ ಕಾಣುತ್ತದೆ. ಮುಂಬದಿಯ ಕ್ಯಾಮೆರಾದಲ್ಲಿ ತಮ್ಮನ್ನೇ ತಾವು ಚಿತ್ರಿಸಿಕೊಳ್ಳುವವರಲ್ಲಿ ಈ ದೋಷ ತುಂಬಾ ಸಾಮಾನ್ಯ. ಮಾತಿನ ನಡುವೆ ಶಾಟ್ ಕತ್ತರಿಸಿ ಹತ್ತಿರದ ಮುಖ ತೋರಿಸಿದರೆ ನಾವು ಹೆಜ್ಜೆ ಇಡದೆಯೇ ಮುಂದೆ ಹಾರಿದ ಹಾಗಾಗುತ್ತದೆ. ಮೌನದ ಅಳತೆ ಇವೆಲ್ಲಕ್ಕಿಂತ ಸೂಕ್ಷ್ಮ. ಅರ್ಧ ಸೆಕೆಂಡು ಬಿಟ್ಟರೆ ಉತ್ತರ ಕೊಡಲು ಪುರಸೊತ್ತಿಲ್ಲ, ನಾಲ್ಕು ಸೆಕೆಂಡು ಬಿಟ್ಟರೆ ಬೆರಳು ಮುಂದಿನ ರೀಲಿಗೆ ಹೋಗಿಬಿಡುತ್ತದೆ. ನಮ್ಮ ಉತ್ತರವನ್ನು ಪರದೆಯ ಮೇಲೆ ಅಕ್ಷರದಲ್ಲಿ ಮೂಡಿಸುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ, ಅದು ಮಾರ್ಲೊನ ದನಿಯನ್ನೇ ಮತ್ತೆ ತಂದು ಕೂರಿಸಿದಂತೆ.

ವಸ್ತುಗಳಿಗೆ ಕಣ್ಣು ಕೊಡುವ ಒಂದು ಕವಲೂ ಇದೆ. ಫ್ರಿಜ್ಜಿನೊಳಗೆ ಫೋನಿಟ್ಟು, ರಾತ್ರಿ ಎರಡಕ್ಕೆ ಬಾಗಿಲು ತೆರೆದು ಇಣುಕುವ ಮುಖವನ್ನು ತೋರಿಸುವುದು ಅದರ ಮಾದರಿ. ಅಲ್ಲಿ ನಾವು ನಿನ್ನೆಯ ಸಾರಿನ ಪಾತ್ರೆ. ಬಾಯಿಲ್ಲದ ವಸ್ತುವಾದ್ದರಿಂದ ಮೌನದ ತೊಡಕೂ ಇಲ್ಲ.

ಇನ್ನು ಸವಕಲಾದ ಬಳಕೆಯ ಬಗ್ಗೆ. ‘POV: ಬೆಳಿಗ್ಗೆ ಐದಕ್ಕೆ ಜಿಮ್‌ಗೆ ಹೋಗ್ತೀರಿ’ ಎಂಬ ಸಾಲಿನ ಕೆಳಗೆ ಒಬ್ಬ ಯುವಕ ಡಂಬಲ್ ಎತ್ತುತ್ತಿರುತ್ತಾನೆ. ಕ್ಯಾಮೆರಾ ಅವನಿಗೆ ಎದುರಾಗಿ ನೆಲದ ಮೇಲಿದೆ. ಸಾಲಿನ ಪ್ರಕಾರ ಅವನೇ ನಾವು, ಚಿತ್ರದ ಪ್ರಕಾರ ನಾವು ಅವನನ್ನು ನೋಡುತ್ತಿರುವ ಇನ್ನಾರೋ. ಬಳಕೆಯಲ್ಲಿ ಅರ್ಥ ಬದಲಾಗಿದೆ, ‘POV’ ಎಂದರೆ ಈಗ ‘ಸಂದರ್ಭ ಹೀಗಿದೆ’ ಎಂದಷ್ಟೇ, ಅದಕ್ಕೇಕೆ ತಕರಾರು ಎನ್ನುವವರಿದ್ದಾರೆ. ಶಬ್ದ ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಈ ವಿಡಿಯೊ ‘ಆದಾಗ’ದ ಮೀಮ್ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದೆ. ಆ ಕೆಲಸಕ್ಕೆ ಹತ್ತು ರೂಪಗಳಿದ್ದವು, ನೋಡುವವರಿಗೆ ಪಾತ್ರ ಕೊಡುವ ಕೆಲಸಕ್ಕೆ ಇದ್ದದ್ದು ಇದೊಂದೇ. ವ್ಯತ್ಯಾಸ ಕಂಡುಹಿಡಿಯಲು ‘ಈ ವಿಡಿಯೊದಲ್ಲಿ ನನ್ನ ಕೈ ಎಲ್ಲಿದೆ?’ ಎಂದು ಕೇಳಿಕೊಂಡರೆ ಸಾಕು. ಕ್ಯಾಮೆರಾದ ಈಚೆ, ಚೌಕಟ್ಟಿನ ಹೊರಗೆ ಅದು ಇರುವಂತೆ ಅನಿಸಿದರೆ ಪಿಒವಿ ನಿಜವಾದದ್ದು. ಪರದೆಯೊಳಗೆ ಡಂಬಲ್ ಹಿಡಿದಿದ್ದರೆ ತಲೆಪಟ್ಟಿ ಮಾತ್ರ ಉಳಿದಿದೆ.

ಪಾತ್ರ ಹಂಚುವಲ್ಲಿ ಆಗುವ ತಪ್ಪಿನ ಪರಿಣಾಮ ಎಷ್ಟು ಗಂಭೀರವಾಗಬಹುದು ಎಂಬುದು 2020ರ ಆಗಸ್ಟಿನಲ್ಲಿ ಕಂಡಿತು. ನಾಜಿಗಳ ಹತ್ಯಾಕಾಂಡದಲ್ಲಿ ಸತ್ತವರಂತೆ ವೇಷ ಹಾಕಿದ ಹದಿಹರೆಯದವರ ಟಿಕ್‌ಟಾಕ್ ವಿಡಿಯೊಗಳು ಆಗ ಹರಡಿದವು. ಮುಖದ ಮೇಲೆ ಗಾಯದ ಮೇಕಪ್ಪು, ಕೈದಿಗಳ ಪಟ್ಟೆಯಂಗಿಯನ್ನು ಹೋಲುವ ಬಟ್ಟೆ. ಸತ್ತು ಸ್ವರ್ಗಕ್ಕೆ ಬಂದವರು ತಮಗೇನಾಯಿತೆಂದು ಎದುರಿನವರಿಗೆ ಹೇಳುವುದು ಅವುಗಳ ಸಂದರ್ಭ. ಈ ವಿಡಿಯೊಗಳು ನೋವುಂಟುಮಾಡುವಂಥವು ಎಂದ ಆಶ್ವಿಟ್ಜ್ ಸ್ಮಾರಕ ಸಂಸ್ಥೆ, ಕೆಲವರಲ್ಲಿ ನೆನಪನ್ನು ಉಳಿಸಬೇಕೆಂಬ ಪ್ರಾಮಾಣಿಕ ಬಯಕೆಯಿದ್ದುದನ್ನೂ ಒಪ್ಪಿತು, ಮಕ್ಕಳನ್ನು ಅವಮಾನಿಸುವ ಬದಲು ತಿಳಿಹೇಳಬೇಕು ಎಂದಿತು. ಆ ನಿಲುವು ಸರಿ. ವಿಮರ್ಶೆಯ ದೃಷ್ಟಿಯಿಂದ ಇನ್ನೊಂದು ಮಾತು ಸೇರಿಸಬೇಕು. ಅಲ್ಲಿ ನೋಡುವವರಿಗೆ ಸಿಕ್ಕ ಪಾತ್ರ ಯಾವುದು? ಸ್ವರ್ಗದ ಬಾಗಿಲಲ್ಲಿ ಕುತೂಹಲದಿಂದ ವಿಚಾರಿಸುವ ಒಬ್ಬ ಅಪರಿಚಿತ. ಅವನಿಗೆ ಯಾವ ಹೊಣೆಯೂ ಇಲ್ಲ, ಅವನು ಏನು ಉತ್ತರಿಸಿದರೂ ಏನೂ ಬದಲಾಗುವುದಿಲ್ಲ. ಎಲ್ಲ ಭಾರವೂ ಎದುರಿನ ಮುಖದ ಮೇಕಪ್ಪಿಗೆ ಬಿದ್ದುಬಿಟ್ಟಿದೆ. ಅದಕ್ಕೂ ಒಂದು ವರ್ಷ ಮುಂಚೆ, 2019ರ ಮೇನಲ್ಲಿ ಬಂದ ‘ಇವಾ ಸ್ಟೋರೀಸ್’ ಹಂಗೇರಿಯ ಹದಿಮೂರು ವರ್ಷದ ಯಹೂದಿ ಹುಡುಗಿ ಇವಾ ಹೇಮನ್‌ಳ ದಿನಚರಿಯನ್ನು, ಅವಳ ಕೈಯಲ್ಲಿ ಫೋನ್ ಇದ್ದಿದ್ದರೆ ಹೇಗೋ ಹಾಗೆ, ಇನ್‌ಸ್ಟಾಗ್ರಾಂ ಸ್ಟೋರಿಗಳಾಗಿ ತೋರಿಸಿತ್ತು. ಅದರ ಬಗ್ಗೆಯೂ ಆಕ್ಷೇಪಗಳು ಬಂದವು. ಆದರೂ ಅಲ್ಲಿ ನಾವು ಅವಳ ಫೋನಿನ ಆಚೆ ತುದಿಯಲ್ಲಿರುವ ಗೆಳೆಯರು, ಅವಳು ಕಳಿಸುವುದು ಯಾವಾಗ ನಿಂತುಹೋಗುತ್ತದೋ ಎಂದು ಕಾಯುವವರು. ಆ ಕಾಯುವಿಕೆಯಲ್ಲಿ ನಮಗೊಂದು ನಿಜವಾದ ಸ್ಥಾನವಿದೆ.

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ ಕೊನೆಗೆ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಕನ್ನಡದ ಪಿಒವಿಗಳನ್ನು ನಾವು ಈಗ ನೋಡುವುದು ಹೆಚ್ಚಾಗಿ ಅಲ್ಲೇ. ಕನ್ನಡದಲ್ಲಿ ಈ ರೂಪಕ್ಕೆ ಒಂದು ಅನುಕೂಲವಿದೆ. ‘ಬಂದಿದ್ದೀರಿ’, ‘ಸಿಕ್ಕಿಬಿದ್ದಿದ್ದೀಯ’ ಎಂಬ ಕ್ರಿಯಾಪದಗಳು ಕೇಳುವವರು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ. ಹಿಂದಿಯಲ್ಲಿ ಇಂಥ ಸಾಲು ಬರೆಯುವವರು ಎಷ್ಟೋ ಸಲ ಕ್ರಿಯಾಪದದಲ್ಲೇ ಅದನ್ನು ತೀರ್ಮಾನಿಸಬೇಕಾಗುತ್ತದೆ. ಕನ್ನಡದ ಸಾಲು ಯಾರನ್ನು ಬೇಕಾದರೂ ಒಳಗೆ ಬಿಟ್ಟುಕೊಳ್ಳುತ್ತದೆ.

ಎಡವುವುದು ಅದರ ನಂತರ, ಪಾತ್ರ ಬಾಯಿ ತೆರೆದಾಗ. ‘POV: ಮದುವೆಮನೆಯಲ್ಲಿ ದೊಡ್ಡಮ್ಮ ನಿಮ್ಮನ್ನು ಹಿಡಿದುಕೊಂಡಿದ್ದಾರೆ’ ಎಂಬ ಸಾಲಿನ ಮುಂದೆ ಯಾರು ಬೇಕಾದರೂ ನಿಲ್ಲಬಹುದು. ದೊಡ್ಡಮ್ಮ ‘ಏನೋ, ಇಷ್ಟು ಸೊರಗಿದ್ದೀಯಲ್ಲೋ’ ಎಂದ ಕೂಡಲೇ ನೋಡುತ್ತಿದ್ದ ಹುಡುಗಿಯರೆಲ್ಲ ಹೊರಗಾಗುತ್ತಾರೆ. ‘ಏನೇ’ ಎಂದರೆ ಹುಡುಗರು ಹೊರಗೆ. ಈ ‘ಓ’, ‘ಏ’ಗಳು ನಮ್ಮ ಆಡುಮಾತಿಗೆ ಎಷ್ಟು ಸಹಜವೆಂದರೆ ನಟಿಸುವವರ ಗಮನಕ್ಕೇ ಬಾರದೆ ಜಾರಿಬಿಡುತ್ತವೆ. ಮನೆಗೆ ತಡವಾಗಿ ಬರುವವರು, ಮೇಷ್ಟ್ರಿಗೆ ಸಿಕ್ಕಿಬೀಳುವವರು, ಹಾಸ್ಟೆಲ್ಲಿನಿಂದ ಊರಿಗೆ ಬರುವವರು ಎಲ್ಲರೂ ಗಂಡುಮಕ್ಕಳೇ ಆಗಿಬಿಡುವುದಕ್ಕೆ ಈ ಒಂದಕ್ಷರವೂ ಕಾರಣ. ಕ್ಯಾಮೆರಾ ಎಷ್ಟೇ ಸರಿಯಾದ ಎತ್ತರದಲ್ಲಿರಲಿ, ಒಬ್ಬ ಹುಡುಗಿಗೆ ಆ ಬಾಗಿಲಲ್ಲಿ ನಿಲ್ಲಲು ಜಾಗವಿಲ್ಲ. ಹುಡುಗಿ ತಡವಾಗಿ ಬಂದಾಗ ಕೇಳುವ ಮೊದಲ ಪ್ರಶ್ನೆ ಊಟದ್ದಾಗಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಆ ಇನ್ನೊಂದು ರೀಲನ್ನು ಯಾರಾದರೂ ಮಾಡಬೇಕು.

ದೊಡ್ಡಮ್ಮನ ರೀಲಿಗಾದರೆ ದಾರಿ ನಮ್ಮ ಮನೆಗಳಲ್ಲೇ ಇದೆ. ‘ಪುಟ್ಟಾ’, ‘ಮರಿ’, ‘ಕಂದಾ’ ಎಂಬ ಕರೆಗಳು ಇಬ್ಬರಿಗೂ ಸಲ್ಲುತ್ತವೆ. ‘ಏನ್ ಪುಟ್ಟಾ, ಇಷ್ಟು ಸೊರಗಿದ್ದೀಯಾ’ ಎಂದು ಕೇಳಿ, ಲೆನ್ಸಿನಿಂದ ಕಣ್ಣು ಕೀಳದೆ ಎರಡು ಸೆಕೆಂಡು ಕಾದರೆ, ಬೆಂಗಳೂರಿನ ಪಿಜಿಯಲ್ಲಿ ಫೋನ್ ಹಿಡಿದು ಕೂತ ಹುಡುಗಿಯೂ ಉತ್ತರ ಕೊಡುತ್ತಾಳೆ.