ಹೊಗಳಿಕೆಯ ನಡುವೆ ಮರೆಯಾಗುವ ಓದು

ಪೋಷಕರ ಸಭೆಗೆ ಮುನ್ನ ಶಿಕ್ಷಕರು ಬರೆದಿಟ್ಟುಕೊಳ್ಳುವ ಟಿಪ್ಪಣಿಗಳಲ್ಲಿ ಒಂದು ವರಸೆ ರೂಢಿಯಾಗಿದೆ. ಮೊದಲು ಮಗುವಿನ ಗುಣಗಾನ: ವಿನಯವಂತೆ, ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಎಲ್ಲರೊಂದಿಗೆ ಬೆರೆಯುತ್ತಾಳೆ. ಆಮೇಲೆ ಒಂದು ಸಾಲು: ಓದಿನಲ್ಲಿ ಸ್ವಲ್ಪ ಹಿಂದೆ ಇದ್ದಾಳೆ, ಮನೆಯಲ್ಲಿ ಓದಿಸಿ. ಕೊನೆಗೆ ಮತ್ತೆ ಒಳ್ಳೆಯ ಮಾತು. ಇದನ್ನು ಸಮತೋಲನವೆಂದು ಭಾವಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಸಮತೋಲನವೇ ಅಲ್ಲ. ಇಲ್ಲಿ ಹೊಗಳಿಕೆಗೂ ಕೊರತೆಗೂ ಪರಸ್ಪರ ಸಂಬಂಧವಿಲ್ಲ; ಚಿತ್ರಕಲೆಯ ಮೆಚ್ಚುಗೆಯಿಂದ ಓದಿನ ಕಷ್ಟ ಕರಗುವುದಿಲ್ಲ. ತಾಯಿ ಮನೆಗೆ ಒಯ್ಯುವುದು ‘ಸ್ವಲ್ಪ ಹಿಂದೆ’ ಎಂಬ ಮಾತನ್ನು ಮಾತ್ರ. ಎಷ್ಟು ಹಿಂದೆ, ಎಲ್ಲಿ ತಡೆಯುತ್ತಿದೆ, ಯಾವುದು ಈಗಾಗಲೇ ಬರುತ್ತದೆ ಎಂಬುದು ಆಕೆಗೆ ಗೊತ್ತಾಗುವುದಿಲ್ಲ. ಮಗುವಿನ ಬಲ ಮತ್ತು ಕೊರತೆ ಎರಡೂ ಒಂದೇ ಓದಿನ ದಾಖಲೆಯಿಂದ ಹೊರಬಂದಾಗ ಮಾತ್ರ ಟಿಪ್ಪಣಿ ನ್ಯಾಯವಾಗಿರುತ್ತದೆ, ಉಪಯೋಗಕ್ಕೂ ಬರುತ್ತದೆ.

ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಕನ್ನಡ ಪಠ್ಯದ ಪಾಠವನ್ನು ಗಟ್ಟಿಯಾಗಿ, ತಡೆಯಿಲ್ಲದೆ ಹೇಳುತ್ತಾಳೆ. ಮನೆಯವರಿಗೆ ಅವಳು ಓದಬಲ್ಲಳೆಂಬ ನಂಬಿಕೆ. ಆದರೆ ತರಗತಿಯಲ್ಲಿ ಹತ್ತು ಸಲ ಕೇಳಿದ ಪಾಠ ಬಾಯಿಪಾಠವಾಗಿರುತ್ತದೆ. ಪುಟದ ನಡುವಿನ ಯಾವುದೋ ಪದದ ಮೇಲೆ ಬೆರಳಿಟ್ಟು ಓದಿಸಿದರೆ, ಅಥವಾ ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿದರೆ, ನಿಜಸ್ಥಿತಿ ಬಯಲಾಗುತ್ತದೆ. ಆದ್ದರಿಂದ ಟಿಪ್ಪಣಿಗೆ ಆಧಾರವಾಗಬೇಕಾದ್ದು ಅವಳು ಹಿಂದೆಂದೂ ನೋಡದ ಒಂದು ಸಣ್ಣ ಕಥೆ. ಎರಡನೇ ತರಗತಿಯ ಮಟ್ಟದ ಅರವತ್ತು ಪದಗಳ ಕಥೆ ಕೊಟ್ಟು, ಅದರ ಇನ್ನೊಂದು ಪ್ರತಿಯನ್ನು ಶಿಕ್ಷಕರು ಕೈಯಲ್ಲಿ ಹಿಡಿದು, ತಪ್ಪಾದ ಪದದ ಮೇಲೆ ಅವಳು ಏನೆಂದು ಓದಿದಳೋ ಅದನ್ನೇ ಬರೆಯುತ್ತ ಹೋಗಬೇಕು. ತಾನಾಗಿ ತಿದ್ದಿಕೊಂಡ ಪದಕ್ಕೆ ಬೇರೆ ಗುರುತು. ನ್ಯೂಜಿಲೆಂಡಿನ ಮೇರಿ ಕ್ಲೇ ರೂಢಿಗೆ ತಂದ ವಿಧಾನ ಇದು. ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಈ ಹುಡುಗಿ ಐವತ್ತೆರಡು ಪದಗಳನ್ನು ಸರಿಯಾಗಿ ಓದಿದಳು, ಎಂಟು ತಪ್ಪಿದಳು ಎಂದಿಟ್ಟುಕೊಳ್ಳಿ. ಇಷ್ಟನ್ನೇ ಬರೆದರೆ ಅದು ಅಂಕಪಟ್ಟಿಯಾಗುತ್ತದೆ. ತಪ್ಪುಗಳನ್ನು ಒಂದೊಂದಾಗಿ ನೋಡಬೇಕು. ‘ಅಕ್ಕ’, ‘ಹಳ್ಳಿ’, ‘ಬೆಟ್ಟ’ ಸರಿಯಾಗಿ ಬಂದಿವೆ. ‘ಪುಸ್ತಕ’ ‘ಪುಸಕ’ವಾಗಿದೆ, ‘ರಾತ್ರಿ’ ‘ರಾತಿ’ಯಾಗಿದೆ, ‘ಕಷ್ಟ’ ‘ಕಷ’ವಾಗಿದೆ. ಎಂಟರಲ್ಲಿ ಆರು ತಪ್ಪು ಇದೇ ಜಾತಿಯವು. ಅಂದರೆ ಒತ್ತಕ್ಷರವೆಲ್ಲ ಅವಳಿಗೆ ಕಷ್ಟವಲ್ಲ. ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದರೆ ಓದುತ್ತಾಳೆ, ಬೇರೆ ಅಕ್ಷರದ ಒತ್ತು ಬಂದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾಳೆ. ಉಳಿದೆರಡು ತಪ್ಪು ದೀರ್ಘದವು, ‘ಊಟ’ ‘ಉಟ’ ಆದಂಥವು. ಕಾಗುಣಿತದ ಬಹುಭಾಗ ಅವಳ ಕೈವಶವಾಗಿದೆ ಎಂಬುದು ಇದೇ ಹಾಳೆಯಿಂದ ತಿಳಿಯುತ್ತದೆ. ಇದು ನಿಜವಾದ ಬಲ, ಏಕೆಂದರೆ ಮುಂದಿನ ಪಾಠ ನಿಲ್ಲುವುದು ಇದರ ಮೇಲೆಯೇ. ಕನ್ನಡದಲ್ಲಿ ಮೂಲಾಕ್ಷರ ಐವತ್ತರ ಆಸುಪಾಸಿದ್ದರೂ ಗುಣಿತ ಮತ್ತು ಒತ್ತು ಸೇರಿ ರೂಪಗಳು ನೂರಾರಾಗುತ್ತವೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ಪ್ರಾಥಮಿಕ ತರಗತಿಗಳಲ್ಲಿ ಮುಂದುವರಿಯುತ್ತದೆ ಎಂದು ತೋರಿಸಿತು. ಇದು ಶಿಕ್ಷಕರನ್ನು ನಿಶ್ಚಿಂತರನ್ನಾಗಿಸಬಾರದು. ಆದರೆ ನಾಲ್ಕನೇ ತರಗತಿಯಲ್ಲಿ ಒತ್ತಕ್ಷರ ಎಡವಿದ ಮಾತ್ರಕ್ಕೆ ಮಗುವನ್ನು ದಡ್ಡಿ ಎನ್ನುವುದಕ್ಕೆ ಆಧಾರವಿಲ್ಲ.

ಇನ್ನೊಂದು ಕೆಲಸ ಉಳಿದಿದೆ, ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಅದೇ ಮಟ್ಟದ ಮತ್ತೊಂದು ಕಥೆಯನ್ನು ಶಿಕ್ಷಕರೇ ಓದಿ ಹೇಳಿ, ನಾಲ್ಕು ಪ್ರಶ್ನೆ ಕೇಳಬೇಕು. ಕೇಳಿಸಿಕೊಂಡಾಗ ಎಲ್ಲವನ್ನೂ ಹೇಳುವ ಮಗುವಿಗೆ ಅರ್ಥಗ್ರಹಣದ ತೊಂದರೆಯಿಲ್ಲ. ಬರಹವನ್ನು ಬಿಡಿಸುವುದಷ್ಟೇ ತಡೆ. ಇದಕ್ಕೆ ತಿರುವುಮುರುವಾದ ಮಗುವೂ ಇರುತ್ತದೆ: ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಹುಡುಗ ಅಕ್ಷರಗಳನ್ನು ಸರಾಗವಾಗಿ ಓದುತ್ತಾನೆ, ಕಥೆ ಏನೆಂದು ಕೇಳಿದರೆ ಸುಮ್ಮನಾಗುತ್ತಾನೆ. ಅವನಿಗೆ ಬೇಕಾದ್ದು ಒತ್ತಕ್ಷರದ ಅಭ್ಯಾಸವಲ್ಲ, ಕನ್ನಡದ ಮಾತು ಮತ್ತು ಪದಸಂಪತ್ತು. ಇಬ್ಬರಿಗೂ ‘ಓದಿನಲ್ಲಿ ಹಿಂದೆ’ ಎಂದು ಒಂದೇ ಸಾಲು ಬರೆದರೆ, ಇಬ್ಬರಲ್ಲಿ ಒಬ್ಬರಿಗಾದರೂ ತಪ್ಪು ಪಾಠ ಸಿಗುವುದು ಖಚಿತ.

ಹಾಗಾದರೆ ಟಿಪ್ಪಣಿ ಹೀಗಿರಬಹುದು: ‘ಕಥೆ ಓದಿ ಹೇಳಿದರೆ ಪೂರ್ತಿ ಅರ್ಥಮಾಡಿಕೊಂಡು ಉತ್ತರಿಸುತ್ತಾಳೆ. ಕಾಗುಣಿತ ಹೆಚ್ಚುಕಡಿಮೆ ಬಂದಿದೆ. ಎರಡು ಕಡೆ ತಪ್ಪನ್ನು ತಾನೇ ತಿದ್ದಿಕೊಂಡಳು. ನಾಲ್ಕನೇ ತರಗತಿಯಲ್ಲಿದ್ದರೂ ಎರಡನೇ ತರಗತಿಯ ಹೊಸ ಕಥೆಯನ್ನು ಇನ್ನೂ ಸಲೀಸಾಗಿ ಓದಲಾರಳು. ಪುಸ್ತಕ, ರಾತ್ರಿ ಇಂಥ ಪದಗಳ ಒತ್ತನ್ನು ಬಿಡುತ್ತಾಳೆ. ಶಾಲೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಇದನ್ನೇ ಕಲಿಸುತ್ತೇವೆ. ಮನೆಯಲ್ಲಿ ಅವಳು ಗಟ್ಟಿಯಾಗಿ ಓದುವುದನ್ನು ಯಾರಾದರೂ ಕೂತು ಕೇಳಬೇಕು.’ ಇದರಲ್ಲಿ ಪ್ರತಿ ಮೆಚ್ಚುಗೆಯೂ ಓದಿಗೇ ಸಂಬಂಧಿಸಿದ್ದು. ಮಟ್ಟವನ್ನು ಬಿಚ್ಚಿ ಹೇಳುವ ಸಾಲೂ ಇದೆ. ಆ ಒಂದು ಸಾಲನ್ನು ಬಿಟ್ಟರೆ ಉಳಿದದ್ದೆಲ್ಲ ಸಮಾಧಾನದ ಮಾತಾಗುತ್ತದೆ. ಪ್ರತಿವರ್ಷ ಮುಂದಿನ ತರಗತಿಗೆ ಹೋಗುತ್ತಿರುವ ಮಗು ಸರಿಯಾಗಿಯೇ ಕಲಿಯುತ್ತಿದೆ ಎಂದು ಪೋಷಕರು ತಿಳಿಯುವುದು ಸಹಜ. ಅವರಿಗೆ ಬೇರೆ ಸುಳಿವು ಎಲ್ಲಿಂದ ಸಿಗಬೇಕು?

ಹೀಗೆ ನೇರವಾಗಿ ಹೇಳಿದರೆ ಮನೆಗೆ ಹೋದ ಮೇಲೆ ಮಗುವಿಗೆ ಏಟು ಬೀಳುತ್ತದೆ ಎಂಬ ಆಕ್ಷೇಪವಿದೆ. ಅದು ಹುಸಿ ಭಯವಲ್ಲ. ಆದರೆ ಏಟಿಗೆ ದಾರಿಮಾಡುವುದು ಹೆಚ್ಚಾಗಿ ಮಸುಕಾದ ಮಾತು. ‘ಇನ್ನೂ ಶ್ರಮಪಡಬೇಕು’ ಎಂದರೆ ತಪ್ಪು ಮಗುವಿನ ಸೋಮಾರಿತನದ್ದಾಗುತ್ತದೆ. ‘ಈ ಬಗೆಯ ಒತ್ತು ಇನ್ನೂ ಬಂದಿಲ್ಲ, ನಾವು ಕಲಿಸುತ್ತೇವೆ’ ಎಂದರೆ ಹೊಣೆ ಶಾಲೆಯ ಮೇಲೆ ಬರುತ್ತದೆ. ಓದು ಬಾರದ ತಾಯಿಗೆ ಈ ವಿವರ ಏಕೆ ಎನ್ನುವವರೂ ಇದ್ದಾರೆ. ಟಿಪ್ಪಣಿ ಶಿಕ್ಷಕರ ಕೈಯಲ್ಲಿರುವ ಸಿದ್ಧತೆ. ತಾಯಿಗೆ ಅದನ್ನು ಮಾತಿನಲ್ಲಿ ಹೇಳಬೇಕು, ಗುರುತು ಹಾಕಿದ ಹಾಳೆಯನ್ನು ತೋರಿಸಬೇಕು. ಮಗಳು ಓದುವುದನ್ನು ಕೂತು ಕೇಳಲು, ಓದಿದ್ದನ್ನು ತನಗೆ ಕಥೆಯಾಗಿ ಹೇಳು ಎನ್ನಲು ಅಕ್ಷರ ಬರಬೇಕಿಲ್ಲ. ಸಮಯವಿಲ್ಲ ಎಂಬ ಮಾತು ಮಾತ್ರ ಗಂಭೀರವಾದದ್ದು. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಿಕೊಳ್ಳುವ ಶಾಲೆಗಳು ನಮ್ಮಲ್ಲಿವೆ. ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ, ಮಟ್ಟಕ್ಕಿಂತ ಕೆಳಗಿರುವವರಿಗೆ ಸಾಕು. ಸಭೆಯ ಹಿಂದಿನ ಎರಡು ವಾರ ದಿನಕ್ಕೊಬ್ಬರಂತೆ ಹಂಚಿಕೊಂಡರೆ ಹೊರೆಯಾಗದು.

ಈ ವಿಧಾನಕ್ಕೂ ಮಿತಿಗಳಿವೆ. ನೂರಕ್ಕೆ ತೊಂಬತ್ತು ಪದವಾದರೂ ಸರಿಯಾಗಿ ಬರದಿದ್ದರೆ ಪಠ್ಯ ಕಠಿಣ ಎಂಬ ಲೆಕ್ಕ ಇಂಗ್ಲಿಷ್ ಓದಿನಿಂದ ಬಂದದ್ದು. ಪ್ರತ್ಯಯಗಳನ್ನೆಲ್ಲ ಕೂಡಿಸಿಕೊಂಡು ಉದ್ದವಾಗುವ ಕನ್ನಡದ ಪದಕ್ಕೆ ಅದನ್ನು ಹಾಗೇ ಅನ್ವಯಿಸಿದರೆ ಒಂದು ಅಕ್ಷರ ತಪ್ಪಿದ್ದಕ್ಕೆ ಇಡೀ ಪದ ಹೋಗುತ್ತದೆ. ಹಾಗಾಗಿ ಶೇಕಡಾವಾರಿಗಿಂತ ತಪ್ಪಿನ ಬಗೆಗೆ ಬೆಲೆ ಕೊಡಬೇಕು. ಒಂದೇ ದಿನದ ಓದನ್ನೂ ನಂಬಬಾರದು, ಹೆದರಿದ ಮಗು ಬಲ್ಲದ್ದನ್ನೂ ತಪ್ಪುತ್ತದೆ. ರೋಗದ ಹೆಸರನ್ನಂತೂ ಟಿಪ್ಪಣಿಯಲ್ಲಿ ಬರೆಯಲೇಬಾರದು. ಮೊದಲು ಕಣ್ಣು, ಕಿವಿ ತಪಾಸಣೆಯಾಗಲಿ. ಮೂರು ತಿಂಗಳು ಗುರಿಯಿಟ್ಟು ಕಲಿಸಿದ ಮೇಲೂ ಅದೇ ಆರು ತಪ್ಪು ಉಳಿದರೆ ತಜ್ಞರ ಬಳಿ ಕಳಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಅದನ್ನು ನಿರ್ಧರಿಸುವ ಅಧಿಕಾರ ತರಗತಿಯ ಶಿಕ್ಷಕರಿಗಿಲ್ಲ. ಅವರು ಕೊಡಬಹುದಾದದ್ದು ದಿನಾಂಕ ಹಾಕಿದ, ತಪ್ಪುಗಳನ್ನು ಇದ್ದಂತೆಯೇ ಬರೆದ ಎರಡು ಹಾಳೆ. ಮುಂದಿನ ಸಭೆಗೆ ಮುನ್ನ ಅಂಥ ಮೊದಲ ಹಾಳೆಯನ್ನು ಸಿದ್ಧಪಡಿಸಿಕೊಳ್ಳಿ ಎಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಅದನ್ನು ತೋರಿಸಿ ಎಂದು ಕೇಳುವ ಹಕ್ಕು ಪೋಷಕರಿಗೂ ಇದೆ.