ಮುದ್ದೆಯ ಅಳತೆ ಬರೆಯದ ಪುಸ್ತಕಗಳು

ಐವತ್ತೆರಡರ ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ವಾರವೇ ಮನೆಗೆ ಮಧುಮೇಹದ ಮೂರು ಪುಸ್ತಕಗಳು ಬಂದವು. ಮೂರರಲ್ಲೂ ಒಂದೇ ಮಾತು: ಅನ್ನ ಬಿಡಿ, ರಾಗಿ ತಿನ್ನಿ. ಅಪ್ಪ ಚಾಚೂ ತಪ್ಪದೆ ಪಾಲಿಸಿದರು. ಮಧ್ಯಾಹ್ನ ಎರಡು ಮುದ್ದೆ. ಎರಡು ಗಂಟೆಯ ನಂತರ ಗ್ಲುಕೋಮೀಟರ್ 230 ತೋರಿಸಿತು. ವೈದ್ಯರು ಹೇಳಿದ್ದ ಮಿತಿ 180.

ತಕ್ಕಡಿಯಲ್ಲಿ ತೂಗಿ ನೋಡಿದೆ. ಎರಡು ಮುದ್ದೆಗೆ ಹಿಡಿದ ಹಿಟ್ಟು 150 ಗ್ರಾಂ. ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 100 ಗ್ರಾಂ. ಮೊದಲು ಉಣ್ಣುತ್ತಿದ್ದ ಅನ್ನಕ್ಕೆ 80 ಗ್ರಾಂ ಅಕ್ಕಿ ಸಾಕಾಗುತ್ತಿತ್ತು. ಅದರಲ್ಲಿ ಇದ್ದದ್ದು 62 ಗ್ರಾಂ ಅಷ್ಟೇ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಬೇಯಿಸಿದರೆ ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಅಷ್ಟೇ ಬೇಗ ಏರುತ್ತದೆ.

ಈ ಪುಸ್ತಕಗಳಲ್ಲಿ ಧಾನ್ಯಗಳು ಹಳೆಯ ನಾಟಕದ ಪಾತ್ರಗಳಂತೆ: ರಾಗಿ ಸಾಧು, ಅಕ್ಕಿ ಖಳ. ಒಳ್ಳೆಯವನನ್ನು ಎಷ್ಟು ಉಂಡರೂ ತಪ್ಪಿಲ್ಲ ಎಂದೇ ಅಪ್ಪ ಓದಿಕೊಂಡಿದ್ದರು. ‘ಎಷ್ಟು’ ಎಂಬ ಪ್ರಶ್ನೆ ಎಲ್ಲೂ ಇಲ್ಲ.

ನನಗೆ ಮೆಚ್ಚುಗೆಯಾದದ್ದು ಮೂರನೆಯ ಪುಸ್ತಕದ ಕೊನೆಯ ಪುಟ. ಊಟಕ್ಕೆ ಮುಂಚೆ, ನಂತರ ಎಂದು ಗೆರೆ ಎಳೆದು ಬಿಟ್ಟ ಖಾಲಿ ಕೋಷ್ಟಕ. ಅಪ್ಪ ಮೊನ್ನೆ ಅದರಲ್ಲಿ ಬರೆದರು: ಒಂದೇ ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, 172.